ಹರಕಾರರಿಂದ ಗೂಢಲಿಪಿಗೆ: ಶ್ರೀರಂಗಪಟ್ಟಣ ಕಂಡ ಒಬ್ಬ ಸೇನಾನಿಯ ಕಥೆ

(ಚಿನಕುರಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಯುದ್ಧಕಾಲದ ಗೂಢಲಿಪಿ ಎಂದರೆ ಓದುವ ಹುಡುಗರಿಗೆ ಮೊದಲು ನೆನಪಾಗುವುದು ಎರಡನೇ ಮಹಾಯುದ್ಧ: ಜರ್ಮನರ ಎನಿಗ್ಮಾ ಯಂತ್ರ, ಅದನ್ನು ಬಿಡಿಸಿದ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್. ಆ ಯುದ್ಧದಲ್ಲಿ ನಮ್ಮ ಬೆಂಗಳೂರಿನಲ್ಲೂ ಜಪಾನೀಯರ ರೇಡಿಯೊ ಸಂದೇಶಗಳ ಕೆಲಸಕ್ಕೆ ಒಂದು ಕೇಂದ್ರವಿತ್ತು, ದೆಹಲಿಯ ದೊಡ್ಡ ಕೇಂದ್ರದ ಶಾಖೆಯಾಗಿ. ಆದರೆ ಚಿನಕುರಳಿಯಲ್ಲಿ ನಿಂತು ಮಾತಾಡುವವನು ಅಷ್ಟು ದೂರ ಹೋಗಿ ಶುರುಮಾಡಬೇಕಾಗಿಲ್ಲ. ಈ ಊರಿನ ಹೆಸರು ಯುದ್ಧದ ಇತಿಹಾಸದಲ್ಲಿ ಸೇರಿಹೋಗಿರುವುದೇ ಒಂದು ಸದ್ದಿನ ಕಾರಣಕ್ಕೆ.

1771ರ ಮಾರ್ಚ್ 5. ಪೇಶ್ವೆಯ ಸೇನೆ ತ್ರಿಂಬಕರಾಯನ ನೇತೃತ್ವದಲ್ಲಿ ಮೈಸೂರು ಸೀಮೆಯೊಳಗೆ ಇಳಿದಿದೆ. ಹೈದರಾಲಿ ಮೇಲುಕೋಟೆಯ ಬೆಟ್ಟಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಅಲ್ಲೇ ಕೂತರೆ ಮೇವು ನೀರಿಗೆ ತತ್ವಾರ, ಹಗಲಲ್ಲಿ ಹೊರಟರೆ ಮರಾಠರ ಕುದುರೆ ದಂಡು ಬಿಡುವುದಿಲ್ಲ. ಹಾಗಾಗಿ ರಾತ್ರಿ ಸದ್ದಿಲ್ಲದೆ ಬೆಟ್ಟವಿಳಿದು ಶ್ರೀರಂಗಪಟ್ಟಣ ಸೇರುವುದೆಂದು ತೀರ್ಮಾನವಾಯಿತು. ಕರ್ನಲ್ ವಿಲ್ಕ್ಸ್ ಬರೆದ ಮೈಸೂರು ಇತಿಹಾಸದ ಪ್ರಕಾರ, ಆ ಕತ್ತಲಲ್ಲಿ ಫಿರಂಗಿ ದಳದ ಒಬ್ಬ ಅಧಿಕಾರಿ ಅಪ್ಪಣೆಯಿಲ್ಲದೆ ಒಂದು ಗುಂಡು ಹಾರಿಸಿಬಿಟ್ಟ. ಮರಾಠರಿಗೆ ಬೇಕಾದದ್ದು ಅಷ್ಟೇ. ಹೈದರನು ಬೆಟ್ಟ ಬಿಟ್ಟನೇ ಇಲ್ಲವೇ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು, ಯಾವ ದಿಕ್ಕಿಗೆ ಎಂಬುದೂ ತಿಳಿಯಿತು. ಬೆಳಗಾಗುವಷ್ಟರಲ್ಲಿ ಕುದುರೆಗಳು ಬೆನ್ನಿಗೆ ಬಿದ್ದಿದ್ದವು. ಚಿನಕುರಳಿಯಿಂದ ತೊಣ್ಣೂರು ಕೆರೆಯ ಸುತ್ತಮುತ್ತ ಮೈಸೂರಿನ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಫಿರಂಗಿಗಳೆಲ್ಲ ಹೋದವು. ಹೈದರ್ ಹೇಗೋ ಪಾರಾಗಿ ಪಟ್ಟಣ ಸೇರಿಕೊಂಡ. ಗೆದ್ದವರು ಬೆನ್ನಟ್ಟುವುದು ಬಿಟ್ಟು ಲೂಟಿಗೆ ನಿಂತರು. ಆ ಬಿಡುವಿನಲ್ಲಿ ಅವನು ಕೋಟೆಯನ್ನು ಭದ್ರಪಡಿಸಿಕೊಂಡ.

ಈ ಕಥೆಯಲ್ಲಿ ಎರಡು ಸಂಗತಿಗಳಿವೆ. ಶತ್ರುವಿನ ಯೋಜನೆ ನಮ್ಮ ಕಿವಿಗೆ ಬೀಳುವುದು ಒಂದು. ಬಿದ್ದದ್ದನ್ನು ಹೊತ್ತು ಮೀರುವುದರೊಳಗೆ ಬಳಸಿಕೊಳ್ಳುವುದು ಇನ್ನೊಂದು. ಆ ರಾತ್ರಿ ಮರಾಠರು ಮೊದಲನೆಯದನ್ನು ಚೆನ್ನಾಗಿ ಮಾಡಿದರು, ಎರಡನೆಯದನ್ನು ಅರ್ಧಕ್ಕೆ ಬಿಟ್ಟರು. ನಾನು ಇವತ್ತು ಹೇಳಹೊರಟಿರುವುದು ಈ ಎರಡನ್ನೂ ಶ್ರೀರಂಗಪಟ್ಟಣದ ಸೀಮೆಯಲ್ಲಿ ಕಲಿತು, ಮುಂದೆ ಸ್ಪೇನ್ ದೇಶದಲ್ಲಿ ಗೂಢಲಿಪಿ ಬಿಡಿಸಿ ಗೆದ್ದ ಒಬ್ಬ ಸೇನಾನಿಯ ವಿಚಾರ. ನಮ್ಮನ್ನು ಸೋಲಿಸಿದವನ ಕಥೆ ನಮ್ಮೂರಲ್ಲೇಕೆ ಎಂದು ಯಾರಾದರೂ ಕೇಳಬಹುದು. ಅವನು ಗೆದ್ದದ್ದು ಹೇಗೆಂದು ತಿಳಿದುಕೊಳ್ಳುವುದರಲ್ಲಿ ನಮಗೇನೂ ನಷ್ಟವಿಲ್ಲ.

ಅವನ ಹೆಸರು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೆ ಬಂತು. ಅವನು ವಾಸವಿದ್ದದ್ದು ದರಿಯಾ ದೌಲತ್‌ನಲ್ಲಿ. ನೀವೆಲ್ಲ ಆ ಅರಮನೆಯ ಪಶ್ಚಿಮದ ಗೋಡೆಯನ್ನು ನೋಡಿದ್ದೀರಿ: ಪೊಳ್ಳಿಲೂರಿನ ಯುದ್ಧ, ಮಧ್ಯದಲ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಇಂಗ್ಲಿಷ್ ಸೇನಾನಿ ಬೆಯ್ಲಿ. ತನ್ನ ದೇಶದವರ ಸೋಲಿನ ಆ ಚಿತ್ರ ಹಾಳಾಗಿದ್ದಾಗ ಮತ್ತೆ ಬಣ್ಣ ಹಾಕಿಸಿದವನೂ ಇದೇ ವೆಲ್ಲೆಸ್ಲಿ.

ಪೊಳ್ಳಿಲೂರು ಫಿರಂಗಿಯಿಂದ ಗೆದ್ದ ಯುದ್ಧವೆಂದು ಚಿತ್ರ ಹೇಳುತ್ತದೆ. ಅದಕ್ಕಿಂತ ಮೊದಲೇ ಅದು ಸುದ್ದಿಯಿಂದ ಗೆದ್ದ ಯುದ್ಧ. 1780ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರ ಸೇನಾಪತಿ ಮನ್ರೋ ದೊಡ್ಡ ಸೈನ್ಯದೊಡನೆ ಕಂಚಿಯಲ್ಲಿದ್ದ, ಬೆಯ್ಲಿ ಚಿಕ್ಕ ಸೈನ್ಯದೊಡನೆ ಅವನನ್ನು ಸೇರಲು ಬರುತ್ತಿದ್ದ. ಹೈದರನ ಸಂಬಳ ತಿನ್ನುವ ಹರಕಾರರು ಮನ್ರೋನ ಪಾಳೆಯದೊಳಗೇ ಇದ್ದರು. ಬೆಯ್ಲಿಯ ಸಹಾಯಕ್ಕೆ ಫ್ಲೆಚರ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ದಳ ಹೊರಟ ಸಂಗತಿಯೂ ಅದು ಹೋಗುವ ದಾರಿಯೂ ಹೈದರನಿಗೆ ಮುಂಚೆಯೇ ತಲುಪಿದ್ದವು. ಫ್ಲೆಚರ್ ಮಾತ್ರ ದಾರಿ ತೋರುವವರ ಮೇಲೆ ಅನುಮಾನಪಟ್ಟು ರಾತ್ರಿ ಬೇರೆ ಹಾದಿ ಹಿಡಿದ, ಹಾಗಾಗಿ ಬೆಯ್ಲಿಯನ್ನು ತಲುಪಿದ. ಆದರೆ ಮನ್ರೋ ಮುಂದೆ ಕೂತಿದ್ದ ಹೈದರ್ ಯಾವಾಗ ಎದ್ದುಹೋದ ಎಂಬುದು ಮನ್ರೋಗೆ ಗೊತ್ತೇ ಆಗಲಿಲ್ಲ. ಸೆಪ್ಟೆಂಬರ್ 10ರ ಬೆಳಿಗ್ಗೆ ತಂದೆ ಮಗ ಇಬ್ಬರ ಸೈನ್ಯಗಳೂ ಬೆಯ್ಲಿಯ ಮೇಲೆ ಬಿದ್ದವು. ಒಂದು ಕಡೆಯವರಿಗೆ ಎಲ್ಲ ಗೊತ್ತು, ಇನ್ನೊಂದು ಕಡೆಯವರಿಗೆ ಏನೂ ಗೊತ್ತಿಲ್ಲ: ಆ ಗೋಡೆಯ ಮೇಲೆ ಬರೆದಿಲ್ಲದ ಭಾಗ ಇದು.

ಹರಕಾರನ ಸುದ್ದಿ ಬಾಯಿಂದ ಬಾಯಿಗೆ ಬರುವಂಥದ್ದು. ಕಾಗದದ ಕಥೆ ಬೇರೆ. ಅದಕ್ಕೆ ಪಕ್ಕದ ಪಾಂಡವಪುರದ ಕಡೆಗೆ ಬರೋಣ. ಹಿರೋಡೆ ಎಂಬ ಆ ಊರನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದದ್ದು ಹೈದರ್ ಮತ್ತು ಟಿಪ್ಪುವಿನ ಬಳಿ ಚಾಕರಿಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ಕಡೆಯ ಮೈಸೂರು ಯುದ್ಧಕ್ಕೆ ಇಂಗ್ಲಿಷರು ಕೊಟ್ಟ ಕಾರಣವೂ ಫ್ರೆಂಚರ ನಂಟೇ.

ಟಿಪ್ಪು ಇಬ್ಬರು ದೂತರನ್ನು ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ಕಳಿಸಿದ್ದ. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಗುಟ್ಟನ್ನು ಗುಟ್ಟಾಗಿ ಇಡಲಿಲ್ಲ. ದೂತರನ್ನು ಮೆರವಣಿಗೆಯ ಮರ್ಯಾದೆಯಲ್ಲಿ ಬರಮಾಡಿಕೊಂಡು, 1798ರ ಜನವರಿ ಕೊನೆಯಲ್ಲಿ ಒಂದು ಘೋಷಣೆ ಅಚ್ಚು ಹಾಕಿಸಿ ಅಂಟಿಸಿದ: ಟಿಪ್ಪು ಇಂಗ್ಲಿಷರ ಮೇಲೆ ಯುದ್ಧಕ್ಕೆ ನಮ್ಮ ನೆರವು ಕೇಳಿದ್ದಾನೆ, ಬರುವವರು ಹೆಸರು ಕೊಡಿ ಎಂದು. ಹೆಸರು ಕೊಟ್ಟು ಮಂಗಳೂರಿಗೆ ಬಂದಿಳಿದವರು ನೂರರಷ್ಟು ಮಂದಿ. ಜೂನ್ 8ರಂದು ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಅಂದರೆ ಆರ್ಥರನ ಅಣ್ಣ, ಕಲ್ಕತ್ತೆಗೆ ಬಂದು ತಿಂಗಳಾಗಿತ್ತಷ್ಟೇ. ಅದೇ ತಿಂಗಳು ಮದರಾಸಿನಲ್ಲಿ ಸೈನ್ಯ ಕೂಡಿಸಲು ಅವನ ಅಪ್ಪಣೆ ಹೋಯಿತು. ಬೇಹುಗಾರರು ಬೇಕಾಗಲಿಲ್ಲ, ಕಾಗದ ಕದಿಯಬೇಕಾಗಲಿಲ್ಲ. ನಂಬಿದವನೇ ಬೀದಿಯಲ್ಲಿ ಡಂಗುರ ಹೊಡೆಸಿದ್ದ.

ನಿಜವಾಗಿ ಕೈಗೆ ಸಿಕ್ಕ ಗುಪ್ತ ಪತ್ರ ಆಮೇಲೆ ಬಂತು. ಈಜಿಪ್ಟಿನಲ್ಲಿದ್ದ ನೆಪೋಲಿಯನ್ 1799ರ ಜನವರಿ ಕೊನೆಯ ವಾರದಲ್ಲಿ ಟಿಪ್ಪುವಿಗೆ ಕಾಗದ ಬರೆದ. ಕೆಂಪು ಸಮುದ್ರದ ತೀರಕ್ಕೆ ದೊಡ್ಡ ಸೈನ್ಯದೊಡನೆ ಬಂದಿದ್ದೇನೆ, ನಿನ್ನ ಕಡೆಯ ನಂಬಿಕಸ್ಥನೊಬ್ಬನನ್ನು ಕಳಿಸು ಎಂಬುದು ಅದರ ಸಾರ. ಮೆಕ್ಕಾದ ಷರೀಫನ ಮೂಲಕ ಹೋಗಬೇಕಿದ್ದ ಆ ಕಾಗದ ಜಿದ್ದಾದಲ್ಲಿ ಇಂಗ್ಲಿಷರ ವಶವಾಯಿತು. ಮೋಖಾದಲ್ಲಿದ್ದ ಕ್ಯಾಪ್ಟನ್ ವಿಲ್ಸನ್ ಫೆಬ್ರವರಿ 17ರಂದು ಅದನ್ನು ಮುಂದಕ್ಕೆ ಕಳಿಸಿದ. ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಇಂಗ್ಲಿಷ್ ಸೈನ್ಯದ ಸೇನಾಪತಿ ಹ್ಯಾರಿಸನಿಗೆ ಮೈಸೂರಿನ ಮೇಲೆ ನಡೆಯಲು ಅಪ್ಪಣೆಯಾದದ್ದು ಫೆಬ್ರವರಿ 3ಕ್ಕೆ. ಅವನು ಗಡಿ ದಾಟಿದ್ದು ಮಾರ್ಚ್ 5ಕ್ಕೆ, ಚಿನಕುರಳಿ ಯುದ್ಧದ ದಿನಕ್ಕೆ ಸರಿಯಾಗಿ 28 ವರ್ಷ. ಕಾಗದ ಸಮುದ್ರದ ಮೇಲಿರುವಾಗಲೇ ತೀರ್ಮಾನ ಮುಗಿದಿತ್ತು. ಈ ಪತ್ರ ಸಿಕ್ಕಿದ್ದರಿಂದಲೇ ಯುದ್ಧವಾಯಿತು ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ಇಂಗ್ಲಿಷರಿಗೆ ಆ ಪತ್ರ ಉಪಯೋಗಕ್ಕೆ ಬಂದದ್ದು ಮಾಡಿದ್ದನ್ನು ಸಮರ್ಥಿಸಿಕೊಳ್ಳಲು. ಟಿಪ್ಪುವಿಗಂತೂ ಅದು ತಲುಪಲೇ ಇಲ್ಲ.

ಆರ್ಥರ್ ವೆಲ್ಲೆಸ್ಲಿ ಇಲ್ಲಿಂದ ಒಯ್ದ ಪಾಠ ಮಾತ್ರ ಕಾಗದದ್ದಲ್ಲ, ಹರಕಾರರದ್ದು. 1803ರ ಮರಾಠಾ ಯುದ್ಧದಲ್ಲಿ ಅವನು ಹರಕಾರರನ್ನು ಮೂರು ಬೇರೆ ಬೇರೆ ವಿಭಾಗಗಳಾಗಿ ಇಟ್ಟುಕೊಂಡಿದ್ದ. ಮೂರು ಕಡೆಯಿಂದ ಬಂದ ಸುದ್ದಿಯನ್ನು ಒಂದರೊಡನೊಂದು ತಾಳೆ ಹಾಕುತ್ತಿದ್ದ. ಹಾಗಿದ್ದೂ ಅಸ್ಸಾಯೆಯಲ್ಲಿ ಸುದ್ದಿ ಕೈಕೊಟ್ಟಿತು. ಶತ್ರು ಬೋಕರ್ದನ್‌ನಲ್ಲಿದ್ದಾನೆ ಎಂದು ಹರಕಾರರು ಹೇಳಿದ್ದರು, ಮಾರನೆಯ ದಿನ ತನ್ನ ಜೊತೆಯ ಸೇನಾನಿ ಸ್ಟೀವನ್ಸನ್ನನ ಸೈನ್ಯವನ್ನೂ ಕೂಡಿಸಿಕೊಂಡು ಹೊಡೆಯುವ ಲೆಕ್ಕವಿತ್ತು. ಸೆಪ್ಟೆಂಬರ್ 23ರಂದು ನೋಡಿದರೆ ಇಡೀ ಮರಾಠಾ ಸೈನ್ಯ ಎರಡು ಹರದಾರಿಯ ಆಸುಪಾಸಿನಲ್ಲೇ ಹರಡಿಕೊಂಡಿದೆ. ಕೈಟ್ನಾ ನದಿ ದಾಟಲು ಕಡವೇ ಇಲ್ಲ ಎಂದು ದಾರಿ ತೋರುವವರು ಬೇರೆ ಹೇಳಿದರು. ನದಿಯ ಎರಡು ದಡದಲ್ಲೂ ಎದುರುಬದುರಾಗಿ ಒಂದೊಂದು ಹಳ್ಳಿ ಕಾಣಿಸಿತು. ಎರಡು ಹಳ್ಳಿ ಹೀಗೆ ಮುಖಾಮುಖಿ ಇರಬೇಕಾದರೆ ನಡುವೆ ಜನ ಓಡಾಡುವ ಕಡ ಇದ್ದೇ ಇರಬೇಕು ಎಂದುಕೊಂಡು ಅವನು ಸೈನ್ಯ ನಡೆಸಿದ. ಕಡ ಇತ್ತು. ಕಾವೇರಿ ದಡದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂಬತ್ತು ವರ್ಷ ಮುಂದಕ್ಕೆ, ಸ್ಪೇನ್. ನೆಪೋಲಿಯನ್ ತನ್ನ ಅಣ್ಣ ಜೋಸೆಫನನ್ನು ಅಲ್ಲಿನ ಗದ್ದುಗೆಯಲ್ಲಿ ಕೂರಿಸಿದ್ದಾನೆ. ವೆಲಿಂಗ್ಟನ್ ಪೋರ್ಚುಗಲ್ ಕಡೆಯಿಂದ ಹೋರಾಡುತ್ತಿದ್ದಾನೆ. ಫ್ರೆಂಚರ ಸೈನ್ಯಗಳು ಒಟ್ಟು ಲೆಕ್ಕದಲ್ಲಿ ಅವನದ್ದಕ್ಕಿಂತ ಎಷ್ಟೋ ದೊಡ್ಡವು, ಆದರೆ ದೇಶದ ತುಂಬ ಚದುರಿಹೋಗಿವೆ. ಒಂದು ಸೈನ್ಯದಿಂದ ಇನ್ನೊಂದಕ್ಕೆ ಕಾಗದ ಹೋಗಬೇಕಾದರೆ ಕುದುರೆ ಸವಾರನೇ ಗತಿ, ಮತ್ತು ಸ್ಪೇನಿನ ರೈತ ದಂಡುಗಳು ಕಣಿವೆ ಕಣಿವೆಯಲ್ಲಿ ಆ ಸವಾರರನ್ನು ಹಿಡಿದು, ಕಾಗದಗಳನ್ನು ವೆಲಿಂಗ್ಟನ್ನನಿಗೆ ತಲುಪಿಸುತ್ತಿದ್ದವು. ಫ್ರೆಂಚರು ಒಂದೇ ಪತ್ರದ ಹಲವು ಪ್ರತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸತೊಡಗಿದರು. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಚೀಟಿಯಲ್ಲಿ ಬರೆದು ಬಟ್ಟೆಯಲ್ಲಿ ಬಚ್ಚಿಟ್ಟರು. ಕಡೆಗೆ ಅಂಕಿಗಳಲ್ಲಿ ಬರೆದರು.

1811ರಲ್ಲಿ ಅವರು ಬಳಸಿದ ಒಂದು ಗೂಢಲಿಪಿ ಕೋಷ್ಟಕದಲ್ಲಿ 150 ಅಂಕಿಗಳಷ್ಟೇ ಇದ್ದವು. ವೆಲಿಂಗ್ಟನ್ನನ ಪಾಳೆಯದಲ್ಲಿ ಜಾರ್ಜ್ ಸ್ಕೋವೆಲ್ ಎಂಬ ಅಧಿಕಾರಿಯಿದ್ದ. ಸಾಮಾನ್ಯ ಮನೆತನದವನು, ಚಿಕ್ಕಂದಿನಲ್ಲಿ ಲೋಹದ ಮೇಲೆ ಕೆತ್ತುವ ಕಸುಬು ಕಲಿಯಲು ಹೋದವನು, ಭಾಷೆಗಳನ್ನು ಬಲ್ಲವನು. ಅವನು ಅದನ್ನು ಎರಡು ದಿನದಲ್ಲಿ ಬಿಡಿಸಿದ. 1812ರ ಆರಂಭದಲ್ಲಿ ಬಂದದ್ದು ಮಹಾ ಪ್ಯಾರಿಸ್ ಗೂಢಲಿಪಿ, ಅದರಲ್ಲಿ 1,400 ಅಂಕಿಗಳು. ಒಂದೊಂದು ಅಂಕಿ ಒಂದು ಅಕ್ಷರವಾಗಬಹುದು, ಅಕ್ಷರಗಳ ಗುಂಪಾಗಬಹುದು, ಇಡೀ ಪದ ಅಥವಾ ಊರ ಹೆಸರಾಗಬಹುದು. ಹೆಚ್ಚು ಬಳಕೆಯಾಗುವ ಅಕ್ಷರಕ್ಕೆ ಹಲವು ಅಂಕಿಗಳಿದ್ದವು, ಎಣಿಸಿ ಪತ್ತೆಹಚ್ಚಬಾರದೆಂದು. ಕೆಲವು ಅಂಕಿಗಳಿಗೆ ಅರ್ಥವೇ ಇಲ್ಲ, ಓದುವವನನ್ನು ದಾರಿ ತಪ್ಪಿಸಲು ಮಾತ್ರ. ಕೋಷ್ಟಕವನ್ನು ಸರಿಯಾಗಿ ಬಳಸಿದ್ದರೆ ಯಾರೂ ಅದನ್ನು ಬಿಡಿಸಲಾಗುತ್ತಿರಲಿಲ್ಲವೇನೋ.

ಫ್ರೆಂಚ್ ಬರಹಗಾರರು ಸರಿಯಾಗಿ ಬಳಸಲಿಲ್ಲ. ಇಡೀ ಪತ್ರವನ್ನು ಅಂಕಿಗೆ ಇಳಿಸುವುದು ಬೇಸರದ ಕೆಲಸ, ಓದುವವನಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಮುಖ್ಯವಾದ ಪದಗಳನ್ನು ಮಾತ್ರ ಅಂಕಿಯಲ್ಲಿ ಬರೆದು, ಉಳಿದದ್ದನ್ನು ಸಾದಾ ಫ್ರೆಂಚಿನಲ್ಲಿ ಬಿಟ್ಟರು. ಇದರಿಂದ ಏನಾಗುತ್ತದೆಂದು ನಮ್ಮ ಸೀಮೆಯ ಹೆಸರುಗಳಲ್ಲೇ ನೋಡೋಣ. ಈ ಸಾಲು ನಾನು ಕಟ್ಟಿದ್ದು, ಯಾವ ದಾಖಲೆಯದ್ದೂ ಅಲ್ಲ. ಒಬ್ಬ ಕಿಲ್ಲೇದಾರ ತನ್ನ ದಂಡನಾಯಕನಿಗೆ ಹೀಗೆ ಬರೆಯುತ್ತಾನೆ ಎಂದುಕೊಳ್ಳಿ: “ನಾನು ಸೋಮವಾರ 77 ಬಿಟ್ಟು, 932 ದಾಟಿ, 418 ಜನರೊಡನೆ 205 ಸೇರುತ್ತೇನೆ.” ಅಂಕಿಗಳು ನಾಲ್ಕು. ಆದರೆ ಸುತ್ತಲಿನ ಕನ್ನಡ ಎಷ್ಟೊಂದು ಹೇಳಿಬಿಡುತ್ತಿದೆ! 77 ಮತ್ತು 205 ಊರುಗಳು, ಅವನು ಹೊರಡುವುದೊಂದು, ಸೇರುವುದೊಂದು. 418 ಒಂದು ಎಣಿಕೆ. 932 ದಾಟುವಂಥದ್ದು, ಬಹುಶಃ ಹೊಳೆ. ಮುಂದಿನ ವಾರ ಸಿಕ್ಕ ಇನ್ನೊಂದು ಪತ್ರದಲ್ಲಿ “932ರಲ್ಲಿ ನೀರು ಹೆಚ್ಚಿದೆ” ಎಂದಿದ್ದರೆ ಹೊಳೆಯೆಂಬುದು ಖಚಿತ. ಕಾವೇರಿಯೋ, ಹೇಮಾವತಿಯೋ, ಲೋಕಪಾವನಿಯೋ? ಅಷ್ಟರಲ್ಲಿ ಹರಕಾರನೊಬ್ಬ ಬಂದು, ಸೋಮವಾರ ಶ್ರೀರಂಗಪಟ್ಟಣದ ದಂಡು ಉತ್ತರದ ಹೊಳೆ ದಾಟಿತೆಂದು ಹೇಳುತ್ತಾನೆ. 77 ಯಾವುದೆಂದು ಗೊತ್ತಾಯಿತು, 932 ಕೂಡ. ಇನ್ನು 77 ಎಂಬ ಅಂಕಿ ಯಾವ ಪತ್ರದಲ್ಲಿ ಬಂದರೂ ಅದು ಶ್ರೀರಂಗಪಟ್ಟಣ.

ಇಲ್ಲಿ ಗಮನಿಸಿ, ಬಾಗಿಲು ತೆಗೆದದ್ದು ಹರಕಾರ. ಸ್ಕೋವೆಲ್‌ನ ಕೆಲಸವೂ ಹೀಗೇ ನಡೆಯಿತು. ಕಾನ್ರಾಡಸ್ ಎಂಬವನು ಗೂಢಲಿಪಿ ಬಿಡಿಸುವ ಬಗ್ಗೆ ಬರೆದಿದ್ದ ನಿಯಮಗಳು ಅವನ ಬಳಿ ಇದ್ದವು. ಫ್ರೆಂಚ್ ವ್ಯಾಕರಣ ಗೊತ್ತಿತ್ತು. ದೇಶದ ಜನರ ಮೂಲಕ ಯಾವ ಫ್ರೆಂಚ್ ದಳ ಎಲ್ಲಿದೆ ಎಂಬ ಸುದ್ದಿಯೂ ಬರುತ್ತಿತ್ತು. ಊಹೆ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಒಂದು ಪತ್ರದಲ್ಲಿ ಊಹಿಸಿದ ಅರ್ಥವನ್ನು ಇನ್ನೊಂದರಲ್ಲಿ ಇಟ್ಟು ನೋಡಬೇಕು. ಅಲ್ಲೂ ವಾಕ್ಯ ಕೂಡಿಬಂದರೆ ಉಳಿಸಿಕೊಳ್ಳಬೇಕು, ಕೂಡದಿದ್ದರೆ ಮುಲಾಜಿಲ್ಲದೆ ಅಳಿಸಬೇಕು. ಜಾಗಕ್ಕೆ ಹೊಂದುತ್ತದೆಂದು ಒಂದು ತಪ್ಪು ಊಹೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪಾಗುತ್ತದೆ, ಮತ್ತು ಅದು ತಪ್ಪೆಂದು ಕಾಣುವುದು ಸೈನ್ಯ ಹೊರಟ ಮೇಲೆ. 1812ರ ಬೇಸಿಗೆಯ ಹೊತ್ತಿಗೆ ಸ್ಕೋವೆಲ್ ಪೂರ್ತಿ ಕೋಷ್ಟಕ ಬಿಡಿಸಿರಲಿಲ್ಲ. ಬೇಕಾದ ಸಾಲುಗಳನ್ನು ಓದುವಷ್ಟು ಬಿಡಿಸಿದ್ದ.

ಈಗ ಆ ವರ್ಷದ ಜುಲೈಗೆ ಬರೋಣ. ಸಲಮಾಂಕಾ ಪಟ್ಟಣದ ಸುತ್ತ ವೆಲಿಂಗ್ಟನ್ ಮತ್ತು ಫ್ರೆಂಚ್ ಮಾರ್ಷಲ್ ಮಾರ್ಮೊಂಟ್ ಹೆಚ್ಚುಕಡಿಮೆ ಸಮಬಲದ ಸೈನ್ಯಗಳೊಡನೆ, ಒಬ್ಬೊಬ್ಬರಲ್ಲಿ ಸುಮಾರು 50,000 ಜನ, ಒಬ್ಬರನ್ನೊಬ್ಬರು ಕಾಯುತ್ತ ಅಕ್ಕಪಕ್ಕದಲ್ಲೇ ನಡೆಯುತ್ತಿದ್ದಾರೆ. ಯಾರೂ ಮೊದಲ ಏಟು ಹಾಕುತ್ತಿಲ್ಲ. ಮಾರ್ಮೊಂಟ್ ಮ್ಯಾಡ್ರಿಡ್‌ನಿಂದ ಸಹಾಯ ಕೇಳಿ ಬೇಸತ್ತಿದ್ದ, ಯಾರೂ ಬರುವುದಿಲ್ಲವೆಂದೇ ತಿಳಿದಿದ್ದ. ಆದರೆ ಜೋಸೆಫ್ ಮನಸ್ಸು ಬದಲಿಸಿದ್ದ. ಸುಮಾರು 14,000 ಜನರೊಡನೆ ತಾನೇ ಬರುತ್ತೇನೆಂದು ಅಂಕಿಗಳಲ್ಲಿ ಬರೆದು ಕಳಿಸಿದ. ಆ ಪತ್ರ ರೈತ ದಂಡಿನ ಕೈಗೆ ಸಿಕ್ಕಿತು, ವೆಲಿಂಗ್ಟನ್ನನ ಮೇಜಿಗೆ ಬಂತು, ಸ್ಕೋವೆಲ್ ಓದಿ ಹೇಳಿದ.

ಇದರಲ್ಲಿ ವೆಲಿಂಗ್ಟನ್ನನಿಗೆ ಎರಡು ಲಾಭ. ಒಂದು, ಹೊತ್ತಿನ ಲೆಕ್ಕ ಸಿಕ್ಕಿತು: ಇನ್ನು ಕೆಲವೇ ದಿನಗಳಲ್ಲಿ ಎದುರಿನ ಸೈನ್ಯ ದೊಡ್ಡದಾಗುತ್ತದೆ, ಅಷ್ಟರೊಳಗೆ ಹೊಡೆಯಬೇಕು, ಇಲ್ಲವೇ ಪೋರ್ಚುಗಲ್ ಗಡಿಗೆ ಹಿಂದೆಗೆಯಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಪತ್ರ ತನ್ನ ಬಳಿಯಿದೆ ಎಂದರೆ ಅದು ಮಾರ್ಮೊಂಟ್ ಬಳಿ ಇಲ್ಲ. ಸಹಾಯ ಬರುತ್ತಿದೆ ಎಂದು ಗೊತ್ತಿದ್ದರೆ ಮಾರ್ಮೊಂಟ್ ಸುಮ್ಮನೆ ಕಾಯುತ್ತಿದ್ದ. ಗೊತ್ತಿಲ್ಲದ್ದರಿಂದ, ವೆಲಿಂಗ್ಟನ್ ತಪ್ಪಿಸಿಕೊಳ್ಳುವ ಮುಂಚೆ ಅವನ ದಾರಿ ಕತ್ತರಿಸುವ ಆತುರದಲ್ಲಿದ್ದ. ಹಿಡಿದ ಕಾಗದ ಹಿಡಿದವನಿಗೆ ಸುದ್ದಿ ಕೊಡುವುದರ ಜೊತೆಗೆ ಕಳೆದುಕೊಂಡವನನ್ನು ಕುರುಡಾಗಿಸುತ್ತದೆ. ಇಂದಿನ ರೇಡಿಯೊ ಕದ್ದಾಲಿಕೆಯಲ್ಲಿ ಈ ಎರಡನೆಯ ಲಾಭ ಇಲ್ಲ, ಅಲ್ಲಿ ಸಂದೇಶ ಇಬ್ಬರಿಗೂ ತಲುಪುತ್ತದೆ.

ಜೋಸೆಫ್ ಜುಲೈ 21ರಂದು ಮ್ಯಾಡ್ರಿಡ್ ಬಿಟ್ಟ. ಮಾರನೆಯ ದಿನ ಮಧ್ಯಾಹ್ನ ಮಾರ್ಮೊಂಟ್‌ನ ಎಡಭಾಗ ಅತಿಯಾಗಿ ಮುಂದೆ ಚಾಚಿಕೊಂಡಿತು, ನಡುವೆ ದೊಡ್ಡ ಅಂತರ ಬಿತ್ತು. ಹಿಂದೆಗೆಯಲು ಸಾಮಾನು ಗಾಡಿಗಳನ್ನು ಆಗಲೇ ಕಳಿಸಿದ್ದ ವೆಲಿಂಗ್ಟನ್ ಅದನ್ನು ಕಂಡ ಕೂಡಲೇ ಹೊಡೆದ. ಮಾರ್ಮೊಂಟ್ ಮೊದಲಲ್ಲೇ ಗಾಯಗೊಂಡ, ಸಂಜೆಯೊಳಗೆ ಫ್ರೆಂಚರು ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು 14,000 ಜನರನ್ನು ಕಳೆದುಕೊಂಡರು. ಆಗಸ್ಟ್ 12ಕ್ಕೆ ವೆಲಿಂಗ್ಟನ್ ಮ್ಯಾಡ್ರಿಡ್ ಪ್ರವೇಶಿಸಿದ. ಇದು ಗೂಢಲಿಪಿಯ ಗೆಲುವು ಎಂದು ನಾನು ಹೇಳಲಾರೆ. ಅಂತರ ಕಂಡದ್ದು ದೂರದರ್ಶಕದಲ್ಲಿ, ಪತ್ರದಲ್ಲಲ್ಲ. ಆದರೆ ಅಂತರ ಕಂಡಾಗ ಕಾಯದೆ ಹೊಡೆಯಬೇಕೆಂಬ ಅವಸರ ಎಲ್ಲಿಂದ ಬಂತೆಂದರೆ, ಅದು ಪತ್ರದಿಂದ.

ಅದೇ ವರ್ಷದ ಚಳಿಗಾಲಕ್ಕೆ ಮುಂಚೆ ಬುರ್ಗೋಸ್ ಕೋಟೆಯ ಮುಂದೆ ವೆಲಿಂಗ್ಟನ್ ಒಂದು ತಿಂಗಳು ಕೂತು, ಸೋತು, ಎದ್ದು ಬಂದ. ಸಾಕಷ್ಟು ಭಾರಿ ಫಿರಂಗಿಗಳನ್ನು ಅವನು ತಂದಿರಲಿಲ್ಲ. ಶತ್ರುವಿನ ಕಾಗದ ಎಷ್ಟು ಓದಿದರೂ ಕೋಟೆಯ ಗೋಡೆ ಬೀಳುವುದಿಲ್ಲ, ಶ್ರೀರಂಗಪಟ್ಟಣದ ಗೋಡೆಯನ್ನು ಒಡೆದಾಗ ಹತ್ತಿರವಿದ್ದವನಿಗೆ ಇದು ಗೊತ್ತಿರಬೇಕಿತ್ತು. ಸುತ್ತಲಿನ ಫ್ರೆಂಚ್ ಸೈನ್ಯಗಳೆಲ್ಲ ಒಟ್ಟಾದಾಗ ಮ್ಯಾಡ್ರಿಡ್ಡನ್ನೂ ಬಿಟ್ಟುಕೊಟ್ಟು ಹಿಂದೆ ಸರಿಯಬೇಕಾಯಿತು.

1813ರಲ್ಲಿ ಮತ್ತೆ ಪತ್ರಗಳು ಕೆಲಸ ಮಾಡಿದವು. ರೈತ ದಂಡುಗಳನ್ನು ಅಡಗಿಸಲು ಫ್ರೆಂಚರು ತಮ್ಮ ಒಂದು ಸೈನ್ಯದ ದೊಡ್ಡ ಪಾಲನ್ನು ಉತ್ತರಕ್ಕೆ ಕಳಿಸಿದ್ದಾರೆ ಎಂಬುದು ಅಂಕಿಗಳಿಂದ ತಿಳಿಯಿತು. ಜೋಸೆಫನ ಬಳಿ ಯಾವ ಹೊತ್ತಿನಲ್ಲಿ ಎಷ್ಟು ಜನ ಇರುವುದಿಲ್ಲ ಎಂಬ ಲೆಕ್ಕ ಸಿಕ್ಕಿದ ಮೇಲೆ ವೆಲಿಂಗ್ಟನ್ ಹೊರಟ. ಜೂನ್ 21ರಂದು ವಿಟೋರಿಯಾದಲ್ಲಿ ಜೋಸೆಫ್ ಸೋತು, ಸಾರೋಟು ಬಿಟ್ಟು ಕುದುರೆ ಹತ್ತಿ ಓಡಿದ. ಅಲ್ಲೂ ಗೆದ್ದ ಸೈನಿಕರು ಬೆನ್ನಟ್ಟುವುದು ಬಿಟ್ಟು ಲೂಟಿಗೆ ಇಳಿದರು, ವೆಲಿಂಗ್ಟನ್ ತನ್ನ ಸೈನಿಕರ ಮೇಲೆ ಸಿಟ್ಟಿನಿಂದ ಕುದಿದ. ಜೋಸೆಫನ ಸಾಮಾನಿನಲ್ಲಿ ಅವನದೇ ಗೂಢಲಿಪಿಯ ಕೋಷ್ಟಕ ಸಿಕ್ಕಿತು. ಅದು ಸಿಗುವ ಹೊತ್ತಿಗೆ ಇಂಗ್ಲಿಷರಿಗೆ ಅದರ ಅಗತ್ಯ ಇರಲಿಲ್ಲ. ಸ್ಕೋವೆಲ್ ಬಿಡಿಸಿದ ಪತ್ರಗಳು, ಅವುಗಳ ಪಕ್ಕದಲ್ಲಿ ಅವನು ಬರೆದುಕೊಂಡ ಅರ್ಥಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಇಂದಿಗೂ ಇವೆ, ಹೋಗಿ ಕೇಳಿದವರಿಗೆ ತೆಗೆದು ಕೊಡುತ್ತಾರೆ.